ಪಶ್ಮಿನಾ ಒಗೆಯುವ ಮುನ್ನ ನೀರು ಮುಟ್ಟಿ ನೋಡಿ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಕೂಡಲೇ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ಮನೆಗಳಲ್ಲಿ ಉಣ್ಣೆ ಬಟ್ಟೆಗಳು ಟ್ರಂಕು ಸೇರುತ್ತವೆ. ‘ಎರಡು ಮದುವೆಗಷ್ಟೇ ಹೊದ್ದದ್ದು, ಕೊಳೆ ಎಲ್ಲಿ ಆಗೈತಿ?’ ಎಂದು ಶಾಲನ್ನು ಹಾಗೆಯೇ ಮಡಚಿ, ನಾಲ್ಕು ಡಾಂಬರು ಗುಳಿಗೆ ಹಾಕಿ ಮುಚ್ಚಿಬಿಡುತ್ತಾರೆ. ದೀಪಾವಳಿ ಹೊತ್ತಿಗೆ ತೆರೆದರೆ ತೂತು. ಒಗೆದೇ ಇಡೋಣವೆಂದು ಹೊರಟವರದ್ದು ಇನ್ನೊಂದು ಕಥೆ. ಹತ್ತು ನಿಮಿಷದ ಒಗೆತದಲ್ಲಿ ಶಾಲು ಕುಗ್ಗಿ, ದಪ್ಪವಾಗಿ, ಮತ್ತೆ ಹೊದೆಯಲು ಬಾರದಂತಾಗಿರುತ್ತದೆ. ಎರಡೂ ತಪ್ಪಿಸಬಹುದಾದ ನಷ್ಟಗಳೇ.

ಮೊದಲು ಕೈಯಲ್ಲಿರುವುದು ಉಣ್ಣೆಯೇ ಎಂದು ಖಚಿತಪಡಿಸಿಕೊಳ್ಳಿ. ಪಶ್ಮಿನಾ ಎಂದರೆ ಲಡಾಖಿನ ಚಾಂಗ್‌ಥಾಂಗ್ ಪ್ರದೇಶದ ಮೇಕೆಗಳ ಒಳಗೂದಲು. ಅದರ ಎಳೆ 12ರಿಂದ 16 ಮೈಕ್ರಾನ್ ದಪ್ಪ ಇರುತ್ತದೆ, ನಮ್ಮ ತಲೆಗೂದಲಿನ ಕಾಲು ಭಾಗಕ್ಕಿಂತಲೂ ತೆಳು. ಜಾತ್ರೆಯಲ್ಲಿ, ವಸ್ತುಪ್ರದರ್ಶನದಲ್ಲಿ ಮುನ್ನೂರು ರೂಪಾಯಿಗೆ ‘ಪಶ್ಮಿನಾ’ ಎಂದು ಮಾರುವ ಸ್ಟೋಲುಗಳು ಸಾಮಾನ್ಯವಾಗಿ ವಿಸ್ಕೋಸ್. ಅಂದರೆ ತುಂಗಭದ್ರೆಯ ದಡದ ನಮ್ಮ ಕುಮಾರಪಟ್ಟಣದ ಗ್ರಾಸಿಂ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ತಯಾರಾಗುವಂಥ ನಾರು. ಸನ್ಮಾನ ಸಮಾರಂಭಗಳಲ್ಲಿ ಹೊದಿಸುವ ಶಾಲುಗಳು ಹೆಚ್ಚಾಗಿ ಅಕ್ರಿಲಿಕ್. ಇವು ಕೆಟ್ಟವೆಂದಲ್ಲ, ಆದರೆ ಇವುಗಳ ಆರೈಕೆಯೇ ಬೇರೆ.

ಪರೀಕ್ಷೆ ಸುಲಭ. ಕುಚ್ಚಿನಿಂದ ಒಂದೇ ಒಂದು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ವಿಸ್ಕೋಸ್ ಇಲ್ಲವೇ ಹತ್ತಿ. ಕರಗಿ ಗಟ್ಟಿ ಮಣಿ ಉಳಿದರೆ ಅಕ್ರಿಲಿಕ್, ಪಾಲಿಯೆಸ್ಟರ್. ಹಾಸು ಮತ್ತು ಹೊಕ್ಕಿನ ಎಳೆಗಳು ಬೇರೆಬೇರೆ ನಾರಿನವಾಗಿರುವುದೂ ಉಂಟು, ಹಾಗಾಗಿ ಎರಡನ್ನೂ ಸುಟ್ಟು ನೋಡಿ. ಉಣ್ಣೆಹುಳು ವಿಸ್ಕೋಸ್, ಅಕ್ರಿಲಿಕ್‌ಗಳನ್ನು ತಿಂದು ಅರಗಿಸಿಕೊಳ್ಳಲಾರದು. ಆ ಶಾಲುಗಳಿಗೆ ಗುಳಿಗೆ ಇಡುವುದು ದಂಡ.

ಒಗೆಯುವ ಕ್ರಮವನ್ನು ಒಂದು ಶಾಲನ್ನೇ ಇಟ್ಟುಕೊಂಡು ಹೇಳುತ್ತೇನೆ. ಕುಮಾರಪಟ್ಟಣದ ಪರಿಚಿತರೊಬ್ಬರ ಮನೆಯದು. ಮಗ ಸೇನೆಯಲ್ಲಿದ್ದಾಗ ಶ್ರೀನಗರದಿಂದ ತಂದುಕೊಟ್ಟದ್ದು. ತಿಳಿಗಂದು ಬಣ್ಣ, 2 ಮೀಟರ್ ಉದ್ದ, 1 ಮೀಟರ್ ಅಗಲ, ತೂಕ 200 ಗ್ರಾಂ ಆಸುಪಾಸು. ಕುತ್ತಿಗೆ ತಾಗುವ ಕಡೆ ಬೆವರು, ತಲೆಯೆಣ್ಣೆಯ ಕರೆ. ಒಂದು ಅಂಚಿನಲ್ಲಿ ಮದುವೆ ಊಟದ ಸಾರಿನ ಕಲೆ.

ಮೊದಲು ಬಣ್ಣ ಬಿಡುತ್ತದೆಯೇ ನೋಡಬೇಕು. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಸೋಪಿನ ನೀರಿನಲ್ಲಿ ಅದ್ದಿ ಶಾಲಿನ ಮೂಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ ಡ್ರೈಕ್ಲೀನಿಂಗಿಗೆ ಕೊಡಿ. ಮೈತುಂಬ ಸೂಜಿ ಕಸೂತಿ ಇರುವ, ಕಾನಿ ನೇಯ್ಗೆಯ ದುಬಾರಿ ಶಾಲುಗಳನ್ನೂ ಮನೆಯಲ್ಲಿ ಮುಟ್ಟಬೇಡಿ. ಕಸೂತಿಯ ದಾರವೊಂದು ಬಣ್ಣ ಬಿಟ್ಟರೆ ಅದನ್ನು ಸರಿಪಡಿಸಲು ಯಾರಿಂದಲೂ ಆಗದು.

ಇನ್ನು ನೀರು. ಶಾಲು ಹಾಳಾಯಿತೆಂದು ಬಂದವರನ್ನು ‘ಏನು ಹಾಕಿ ಒಗೆದಿರಿ?’ ಎಂದು ಕೇಳಿದರೆ ಸೋಪಿನ ಹೆಸರು ಹೇಳುತ್ತಾರೆ. ನಾನು ಮೊದಲು ಕೇಳುವುದು ನೀರು ಎಲ್ಲಿಯದು, ಎಷ್ಟು ಹೊತ್ತಿಗೆ ಹಿಡಿದದ್ದು ಎಂದು. ನಮ್ಮಲ್ಲಿ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಕೈ ಇಟ್ಟರೆ ಚುರ್ ಎನ್ನುವಷ್ಟು ಕಾದಿರುತ್ತದೆ. ನಲ್ಲಿ ತಿರುಗಿಸಿದರೆ ಬರುವುದು ತಣ್ಣೀರೆಂದೇ ನಮ್ಮ ಲೆಕ್ಕ. ಆದರೆ ಪೈಪಿನಲ್ಲಿ ನಿಂತ ಮೊದಲ ಬಕೆಟ್ ಒಂದು ಹದದಲ್ಲಿ, ಟ್ಯಾಂಕಿನಿಂದ ಬರುವ ಎರಡನೆಯ ಬಕೆಟ್ ಇನ್ನೊಂದು ಹದದಲ್ಲಿ ಇರುತ್ತದೆ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಮೀನಿನ ಮೈಯಲ್ಲಿರುವಂತೆ ಒಂದರ ಮೇಲೊಂದು ಹೊದ್ದ ಸೂಕ್ಷ್ಮ ಹುರುಪೆಗಳಿವೆ. ಬಿಸಿ ನೀರಿನಲ್ಲಿ ಎಳೆ ಉಬ್ಬಿ ಮೆತ್ತಗಾಗುತ್ತದೆ. ಆ ಸ್ಥಿತಿಯಲ್ಲಿ ಉಜ್ಜಿದರೆ, ಕುಕ್ಕಿದರೆ, ಹಿಂಡಿದರೆ ಒಂದು ಎಳೆಯ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಿಗಿಯುತ್ತಾ ಹೋಗುತ್ತದೆ. ಎಳೆಗಳು ಒಂದೇ ದಿಕ್ಕಿಗೆ ಸರಿಯಬಲ್ಲವು, ಹಿಂದಕ್ಕೆ ಬರಲಾರವು. ಹಾಗಾಗಿಯೇ ಕುಗ್ಗಿದ ಉಣ್ಣೆಯನ್ನು ಎಷ್ಟು ಜಗ್ಗಿದರೂ ಮೊದಲಿನಂತಾಗುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಬೇಗ, ಬಿಸಿಲು ಟ್ಯಾಂಕಿಗೆ ಬೀಳುವ ಮುನ್ನ ನೀರು ಹಿಡಿಯಿರಿ. ಒಗೆಯಲು ಒಂದು, ಜಾಲಿಸಲು ಎರಡು, ಹೀಗೆ ಮೂರು ಬಕೆಟ್ ಒಟ್ಟಿಗೇ ತುಂಬಿಸಿ ಅರ್ಧ ಗಂಟೆ ನೆರಳಲ್ಲಿ ಪಕ್ಕಪಕ್ಕದಲ್ಲಿ ಬಿಡಿ. ಮೂರರ ನೀರೂ ಒಂದೇ ಹದಕ್ಕೆ ಬರುತ್ತದೆ. 30 ಡಿಗ್ರಿಗಿಂತ ಬಿಸಿ ಬೇಡ. ಮೊಣಕೈ ಒಳಭಾಗಕ್ಕೆ ನೀರು ಮುಟ್ಟಿಸಿದಾಗ ಬೆಚ್ಚಗೆನಿಸಬಾರದು, ತಣ್ಣಗೆ ಹಿತವೆನಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಜಿಡ್ಡಾಗಿ ಎಳೆಗೆ ಅಂಟುತ್ತದೆ. ಹೊಳೆ ನೀರಿನ ನಲ್ಲಿ ಬಂದ ದಿನ ಒಗೆಯಿರಿ, ಇಲ್ಲವೇ ಮಳೆ ನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ.

ಬಟ್ಟೆ ಸೋಪಿನ ಬಿಲ್ಲೆ, ವಾಷಿಂಗ್ ಪೌಡರ್ ಎರಡೂ ಬೇಡ. ಇವುಗಳ ಕ್ಷಾರ ಉಣ್ಣೆಗೆ ಆಗಿಬರದು. ಕಲೆ ತೆಗೆಯುತ್ತೇವೆನ್ನುವ ಪೌಡರುಗಳಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆಯೂ ಪ್ರೋಟೀನೇ. ಉಣ್ಣೆಗೆಂದೇ ಮಾರುವ ದ್ರವ ಸೋಪು, ಅದಿಲ್ಲದಿದ್ದರೆ ಕಂಡೀಷನರ್ ಬೆರೆಸದ ಸಾದಾ ಶಾಂಪೂ ಸಾಕು. ಒಂದು ಶಾಲಿಗೆ 8 ಲೀಟರ್ ನೀರು, ಒಂದು ಚಿಕ್ಕ ಚಮಚ ಶಾಂಪೂ. ಮೊದಲು ನೀರಿನಲ್ಲಿ ಪೂರ್ತಿ ಕದಡಿ, ನಂತರ ಶಾಲು ಮುಳುಗಿಸಿ. ಅಂಗೈ ಅಗಲಿಸಿ ಮೇಲಿನಿಂದ ಕೆಳಗೆ ಮೆಲ್ಲಗೆ ಒತ್ತಿ ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಸಾಕು. ಕುತ್ತಿಗೆಯ ಕರೆ ಇರುವಲ್ಲಿ ಒಂದು ಹನಿ ಶಾಂಪೂ ಬಿಟ್ಟು ಬೆರಳ ತುದಿಯಿಂದ ಒತ್ತಿ. ಉಜ್ಜಬೇಡಿ.

ಸಾರಿನ ಕಲೆಯಲ್ಲಿ ಅರಿಶಿನ ಇರುತ್ತದೆ. ಯಾರಾದರೂ ಆಗಲೇ ಅದಕ್ಕೆ ಬಿಲ್ಲೆ ಸೋಪು ತಿಕ್ಕಿದ್ದರೆ ಕಲೆ ಕೆಂಪಾಗಿರುತ್ತದೆ. ಗಾಬರಿ ಬೇಡ. ಅದು ಕ್ಷಾರಕ್ಕೆ ಅರಿಶಿನ ತೋರಿಸುವ ಬಣ್ಣ, ಕ್ಷಾರ ಹೋದ ಮೇಲೆ ಹಳದಿಗೆ ಮರಳುತ್ತದೆ. ಉಣ್ಣೆ ಹಿಡಿದ ಅರಿಶಿನ ಒಂದೇ ಒಗೆತಕ್ಕೆ ಪೂರ್ತಿ ಹೋಗದು. ಬೆಳಕಿಗೆ ಅದು ತಾನಾಗಿ ಮಾಸುತ್ತಾ ಬರುತ್ತದೆ. ನಾನು ಹೇಳಿದ ಶಾಲಿನ ಅಂಚಿನಲ್ಲಿ ಈಗಲೂ ಮಸುಕು ಹಳದಿ ಉಳಿದಿದೆ, ಎಳೆ ಮಾತ್ರ ಒಂದೂ ಕೆದರಿಲ್ಲ. ಅಷ್ಟಕ್ಕೆ ತೃಪ್ತಿಪಡಬೇಕು. ಕಲೆಯ ಹಿಂದೆ ಬಿದ್ದು ಬ್ಲೀಚ್ ಹಾಕಿದರೆ ಉಣ್ಣೆಯೇ ಕರಗುತ್ತದೆ.

ಜಾಲಿಸುವಾಗ ಎರಡನೆಯ ಬಕೆಟಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ. ಉಳಿದ ಕ್ಷಾರ ಕಳೆದು ಶಾಲು ಮೃದುವಾಗುತ್ತದೆ. ಒದ್ದೆ ಶಾಲನ್ನು ಒಂದು ತುದಿ ಹಿಡಿದು ಎತ್ತಬೇಡಿ. ನೀರಿನ ಭಾರಕ್ಕೇ ಅದು ಉದ್ದವಾಗಿ ಜೋತು ಬೀಳುತ್ತದೆ. ಎರಡೂ ಕೈ ಕೆಳಗೆ ಹಾಕಿ ಮುದ್ದೆಯಾಗಿಯೇ ಎತ್ತಿ, ದಪ್ಪ ಟವೆಲಿನ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿ. ಒಂದು ಟವೆಲ್ ತೊಯ್ದರೆ ಇನ್ನೊಂದು. ಹಿಂಡುವ ಮಾತೇ ಇಲ್ಲ.

ಹೊರಸಿನ ಮೇಲೆ ಬಿಳಿ ಧೋತರ ಹಾಸಿ, ಅದರ ಮೇಲೆ ಶಾಲನ್ನು ಮೊದಲಿನ ಉದ್ದಗಲಕ್ಕೆ ಕೈಯಿಂದ ಸರಿಪಡಿಸಿ ಹರಡಿ. ನೆರಳು, ಗಾಳಿ ಎರಡೂ ಇರಲಿ. ಹಗ್ಗದ ಮೇಲೆ ನೇತುಹಾಕಿದರೆ ಕ್ಲಿಪ್ಪಿನ ಗುರುತು, ಮಧ್ಯದಲ್ಲೊಂದು ಗೆರೆ, ಅಂಕುಡೊಂಕು ಅಂಚು ಉಳಿಯುತ್ತವೆ. ಕುಚ್ಚುಗಳನ್ನು ಒದ್ದೆಯಿದ್ದಾಗಲೇ ಬೆರಳಿನಿಂದ ಬಿಡಿಸಿ. ಇಸ್ತ್ರಿ ಬೇಕಿದ್ದರೆ ಉಣ್ಣೆಯ ಗುರುತಿಗೆ ತಿರುಗಿಸಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಒಳಮೈಯಿಂದ.

ಈಗ ನುಸಿಯ ವಿಚಾರ. ಟ್ಯೂಬ್‌ಲೈಟಿಗೆ ಮುತ್ತುವ ಚಿಟ್ಟೆಗಳು ಬಟ್ಟೆ ತಿನ್ನುವುದಿಲ್ಲ. ಬಟ್ಟೆಯ ಪತಂಗ ಹುಲ್ಲಿನ ಬಣ್ಣದ ಪುಟ್ಟ ಜೀವ, ಬೆಳಕು ಕಂಡರೆ ಮಡಿಕೆಯೊಳಗೆ ಓಡುತ್ತದೆ. ಅದಕ್ಕೂ ಬಾಯಿಯಿಂದ ತಿನ್ನಲಾಗದು. ತಿನ್ನುವುದು ಅದರ ಮರಿಹುಳು. ಒಂದು ಹೆಣ್ಣು ನಲವತ್ತು–ಐವತ್ತು ಮೊಟ್ಟೆ ಇಡುತ್ತದೆ. ಶುದ್ಧ ಉಣ್ಣೆ ಮಾತ್ರ ತಿಂದರೆ ಹುಳು ಚೆನ್ನಾಗಿ ಬೆಳೆಯದು. ಬೆವರು, ಎಣ್ಣೆ, ಅನ್ನಸಾರಿನ ಅಂಶ ಸಿಕ್ಕಿದರೆ ಕೊಬ್ಬುತ್ತದೆ. ಎರಡು ಮದುವೆಗೆ ಹೊದ್ದ ಶಾಲನ್ನೂ ಒಗೆದೇ ಇಡಬೇಕೆನ್ನುವುದು ಇದಕ್ಕೇ. ಮಡಿಕೆಯಲ್ಲಿ ರೇಷ್ಮೆಯಂಥ ಬಲೆ, ಶಾಲಿನದೇ ಬಣ್ಣದ ಮರಳಿನಂಥ ಹಿಕ್ಕೆ ಕಂಡರೆ ಹುಳು ಒಳಗಿದೆ ಎಂದೇ ಅರ್ಥ.

ಬೇವಿನ ಎಲೆ, ಲವಂಗ ಮೊಟ್ಟೆಯನ್ನಾಗಲಿ ಹುಳುವನ್ನಾಗಲಿ ಕೊಲ್ಲುವುದಿಲ್ಲ. ನಮ್ಮ ಕಡೆ ಒಣಮೆಣಸಿನಕಾಯಿ ಇಡುವುದೂ ಉಂಟು. ಅದು ಬೇಡವೇ ಬೇಡ. ಒಣಮೆಣಸಿನಕಾಯಿಗೂ ಹುಳು ಬೀಳುತ್ತದೆ. ಬಣ್ಣ ಮಾಸಬಾರದು, ಹುಳು ಹತ್ತಬಾರದು ಎಂದೇ ಬ್ಯಾಡಗಿಯಲ್ಲಿ ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಜೊತೆಗೆ ಬ್ಯಾಡಗಿ ಕಾಯಿಯ ಬಣ್ಣ ತಿಳಿ ಶಾಲಿಗೆ ಹತ್ತಿದರೆ ಹೋಗದು.

ಡಾಂಬರು ಗುಳಿಗೆ ಕೆಲಸ ಮಾಡುವುದು ಅದರ ಆವಿ ಒಳಗೇ ತುಂಬಿ ನಿಂತಾಗ ಮಾತ್ರ. ದಿನಕ್ಕೆ ಹತ್ತು ಸಲ ತೆರೆಯುವ ಕಪಾಟಿನಲ್ಲಿ ವಾಸನೆಯಷ್ಟೇ ಲಾಭ. ಬಾಣಂತಿ, ಎಳೆಗೂಸು ಇರುವ ಮನೆಯಲ್ಲಂತೂ ಗುಳಿಗೆ ಬಳಸಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುವನ್ನು ಗುಳಿಗೆ ಹಾಕಿಟ್ಟ ಶಾಲಿನಲ್ಲಿ ಸುತ್ತಿದರೆ ರಕ್ತದ ಕೆಂಪುಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಕೊರತೆ ಇದೆಯೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಇಡುವ ಕ್ರಮ ಇಷ್ಟು: ಪೂರ್ತಿ ಒಣಗಿದ ಶಾಲನ್ನು ಹಳೆಯ ಧೋತರದಲ್ಲಿ ಸುತ್ತಿ, ಜಿಪ್ ಇರುವ ದಪ್ಪ ಚೀಲದಲ್ಲಿ ಗಾಳಿ ಹೊರದಬ್ಬಿ ಮುಚ್ಚಿ. ತೇವ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ, ಅನುಮಾನವಿದ್ದರೆ ಇನ್ನೊಂದು ದಿನ ಒಣಗಿಸಿ. ಹುಳುವಿನ ಶಂಕೆ ಇದ್ದರೆ ಚೀಲ ಸಮೇತ ಡೀಪ್ ಫ್ರೀಜರಿನಲ್ಲಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಎರಡು ವಾರ ಇಡಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ, ಇಲ್ಲದಿದ್ದರೆ ಶಾಲಿನ ಮೇಲೆಯೇ ನೀರು ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ ತೆರೆದು, ಕೊಡವಿ, ಮೊದಲಿನ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ತೂತು ಕಂಡರೆ ಎಳೆ ಜಗ್ಗಬೇಡಿ. ಮೊದಲು ಫ್ರೀಜರ್, ಆಮೇಲೆ ರಫೂ.