ಇಲಿ ಸತ್ತರೆ ವಿಷವೂ ಸಾಯುತ್ತದೆಯೇ?

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ತೋಟದ ಮನೆ. ಅಟ್ಟದ ಮೇಲೆ ಕೊಬ್ಬರಿಗೆಂದು ಕಾಯಿ ತುಂಬಿದ್ದೇವೆ. ಇಲಿ ಕಾಟಕ್ಕೆ ಎರಡು ತಿಂಗಳಿಂದ ಅಂಗಡಿಯ ಬಣ್ಣದ ಬಿಲ್ಲೆ ಇಡುತ್ತಿದ್ದೇವೆ. ಮೊನ್ನೆ ಸತ್ತ ಇಲಿಯೊಂದನ್ನು ನಮ್ಮ ಬೆಕ್ಕು ಅರ್ಧ ತಿಂದಿತ್ತು. ‘ವಿಷವೆಲ್ಲ ಇಲಿಯ ಮೈಯಲ್ಲೇ ಖರ್ಚಾಗಿರುತ್ತೆ, ಬೆಕ್ಕಿಗೇನೂ ಆಗಲ್ಲ’ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಎರಡು ದಿನವಾಯಿತು, ಬೆಕ್ಕು ಆರಾಮಾಗಿಯೇ ಇದೆ. ಆದರೆ ಹೋದ ತಿಂಗಳು ಬಿಳಿ ಮುಖದ ಗೂಬೆಯೊಂದು ತೋಟದಲ್ಲಿ ಸತ್ತು ಬಿದ್ದಿತ್ತು. ಇವೆರಡಕ್ಕೂ ಸಂಬಂಧವಿದೆಯೇ? ವಿಷವಿಲ್ಲದೆ ಇಲಿ ಓಡಿಸಲು ಸಾಧ್ಯವೇ?

ಉತ್ತರ: ಬೆಕ್ಕಿನ ವಿಷಯ ತುರ್ತಿನದು, ಹಾಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ. ಇಂದೋ ನಾಳೆಯೋ ಅದನ್ನು ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ. ಬಿಲ್ಲೆಯ ಪೊಟ್ಟಣವೂ ಜೊತೆಗಿರಲಿ. ಏಕೆಂಬುದು ಮುಂದೆ ಓದುತ್ತಾ ಹೋದಂತೆ ತಿಳಿಯುತ್ತದೆ.

ನಿಮ್ಮ ದೊಡ್ಡಪ್ಪನವರ ಮಾತು ಪೂರ್ತಿ ತಪ್ಪೇನಲ್ಲ. ಅವರು ಹೇಳುತ್ತಿರುವುದು ಬೇರೊಂದು ವಿಷದ ಗುಣ. ಹಿಂದಿನಿಂದ ಹೊಲಗದ್ದೆಗಳಲ್ಲಿ ಬಳಸುತ್ತ ಬಂದಿರುವುದು ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ. ಇಲಿಯ ಹೊಟ್ಟೆಯ ಆಮ್ಲ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಪುಡಿ ಹಾಗೆ ಒಡೆದುಹೋಗುವುದರಿಂದ ಇಲಿಯ ಮಾಂಸದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಹೊಟ್ಟೆಯೊಳಗೆ ಕರಗದೆ ಉಳಿದ ಪುಡಿ ಮಾತ್ರ ಅಪಾಯಕಾರಿಯೇ. ನಾಯಿ ನೇರವಾಗಿ ಆ ಪುಡಿ ಬೆರೆಸಿದ ತಿಂಡಿಯನ್ನೇ ತಿಂದರಂತೂ ಉಳಿಸುವುದು ಕಷ್ಟ, ಅದಕ್ಕೆ ಮದ್ದಿಲ್ಲ.

ನೀವು ಇಟ್ಟಿರುವ ಬಿಲ್ಲೆಯ ದಾರಿಯೇ ಬೇರೆ. ಪೊಟ್ಟಣವನ್ನು ತಿರುಗಿಸಿ ನೋಡಿ, ಬಹುಮಟ್ಟಿಗೆ ‘ಬ್ರೊಮಾಡಿಯೊಲೋನ್ 0.005%’ ಎಂದಿರುತ್ತದೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ನಮ್ಮ ಯಕೃತ್ತು ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಕೆ ಜೀವಸತ್ವದ ನೆರವಿನಿಂದ ತಯಾರಿಸುತ್ತದೆ. ಒಮ್ಮೆ ಬಳಸಿದ ಜೀವಸತ್ವವನ್ನು ದೇಹ ಮತ್ತೆ ಮತ್ತೆ ಹೊಸದು ಮಾಡಿಕೊಂಡು ಬಳಸುತ್ತಿರುತ್ತದೆ. ಬ್ರೊಮಾಡಿಯೊಲೋನ್ ಈ ಹೊಸದು ಮಾಡಿಕೊಳ್ಳುವ ಕೆಲಸವನ್ನೇ ತಡೆಯುತ್ತದೆ. ಆದರೆ ಮೊದಲೇ ತಯಾರಾಗಿ ರಕ್ತದಲ್ಲಿರುವ ಅಂಶಗಳು ಒಂದೆರಡು ದಿನ ಸಾಗುತ್ತವೆ. ಆದ್ದರಿಂದ ಇಲಿ ತಿಂದ ರಾತ್ರಿಯೇ ಸಾಯುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ.

ಈ ತಡವೇ ಬೆಕ್ಕು, ಗೂಬೆಗಳಿಗೆ ಮುಳುವಾಗುವುದು. ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಬಿಲ್ಲೆಯಲ್ಲಿ 0.05 ಮಿಲಿಗ್ರಾಂ ವಿಷ. 200 ಗ್ರಾಂ ತೂಕದ ಇಲಿಯನ್ನು ಕೊಲ್ಲಲು ಹೆಚ್ಚುಕಡಿಮೆ 0.2 ಮಿಲಿಗ್ರಾಂ, ಅಂದರೆ ನಾಲ್ಕೈದು ಗ್ರಾಂ ಬಿಲ್ಲೆ ಸಾಕು. ಅಷ್ಟನ್ನು ಇಲಿ ಮೊದಲ ರಾತ್ರಿಯೇ ತಿಂದು ಮುಗಿಸಬಹುದು. ಆದರೆ ಅದಕ್ಕೆ ಏನೂ ಆಗಿರುವುದಿಲ್ಲವಲ್ಲ, ಮರುದಿನವೂ ಬರುತ್ತದೆ, ಅದರ ಮರುದಿನವೂ ಬರುತ್ತದೆ. ಸಾಯುವ ಹೊತ್ತಿಗೆ ತನಗೆ ಬೇಕಾದುದಕ್ಕಿಂತ ಹಲವು ಪಟ್ಟು ವಿಷ ತಿಂದಿರುತ್ತದೆ. ಸಾಲದ್ದಕ್ಕೆ ಕೊನೆಯ ದಿನಗಳಲ್ಲಿ ಮಂಕಾಗಿ, ಹಗಲಲ್ಲೂ ಬಯಲಿಗೆ ಬಂದು ತಡವರಿಸುತ್ತದೆ. ಬೇಟೆ ಆಡುವ ಪ್ರಾಣಿಗೆ ಅದಕ್ಕಿಂತ ಸುಲಭದ ತುತ್ತು ಬೇರೆ ಯಾವುದು?

ತಿಂದ ಈ ವಿಷ ಮೈಯಲ್ಲಿ ಬಹುಕಾಲ ಉಳಿಯುತ್ತದೆ, ಅದು ಆಕಸ್ಮಿಕವಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಅದರ ಕಾರಣ ಹುಡುಕುತ್ತ ಹೋಗಿ ಕೊನೆಗೆ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ವಿಷವಾಗಿ ಮಾರುಕಟ್ಟೆಗೆ ಬಂತು. ನಮ್ಮ ಮನೆಗಳಲ್ಲಿ ಹೃದಯದ ಕವಾಟ ಬದಲಿಸಿಕೊಂಡವರು ವೈದ್ಯರ ನಿಗಾದಲ್ಲಿ ನುಂಗುವ ವಾರ್ಫರಿನ್ ಮಾತ್ರೆಯೂ ಇದೇ. ಆದರೆ 1958ರ ಹೊತ್ತಿಗೆ ಸ್ಕಾಟ್ಲೆಂಡಿನ ಇಲಿಗಳು ವಾರ್ಫರಿನ್ನಿಗೆ ಜಗ್ಗದಾದವು. ಆಗ ಬಂದದ್ದು ಎರಡನೇ ಪೀಳಿಗೆಯ ವಿಷಗಳು. ಒಂದೇ ರಾತ್ರಿಯ ತಿನಿಸಿನಲ್ಲಿ ಕೊಲ್ಲುವಷ್ಟು ಬಿಗಿ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಂಟಿಕೊಳ್ಳುವಷ್ಟು ಜಿಗುಟು. ಬ್ರೊಮಾಡಿಯೊಲೋನ್ ಇವುಗಳಲ್ಲೊಂದು.

ಈಗ ನಿಮ್ಮ ಬೆಕ್ಕಿಗೆ ಬರೋಣ. ಹೆದರಿಸುವುದು ನನ್ನ ಉದ್ದೇಶವಲ್ಲ. ಈ ವಿಷವನ್ನು ಬೆಕ್ಕು ನಾಯಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ. ಅರ್ಧ ಇಲಿ ತಿಂದ ಮಾತ್ರಕ್ಕೆ ಬೆಳೆದ, ಗಟ್ಟಿಮುಟ್ಟಾದ ಬೆಕ್ಕು ಸಾಯುವುದು ಅಪರೂಪ. ಆದರೆ ನೀವು ಎರಡು ತಿಂಗಳಿಂದ ಬಿಲ್ಲೆ ಇಡುತ್ತಿದ್ದೀರಿ. ಬೆಕ್ಕು ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು ಸಲ, ಬೀಳದೆ ತಿಂದದ್ದು ಎಷ್ಟು ಸಲವೋ. ಪ್ರತಿ ಸಲದ ಚೂರೂ ಯಕೃತ್ತಿನಲ್ಲಿ ಕೂಡುತ್ತ ಹೋಗುತ್ತದೆ.

‘ಎರಡು ದಿನವಾಯಿತು, ಆರಾಮಾಗಿದೆ’ ಎಂದು ಬರೆದಿದ್ದೀರಿ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಇಲಿಗೆ ತಡವಾದಂತೆ ಬೆಕ್ಕಿಗೂ ತಡ. ರಕ್ತಸ್ರಾವದ ಗುರುತುಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ. ರಕ್ತ ಹೊರಗೆ ಹರಿಯಲೇಬೇಕೆಂದೂ ಇಲ್ಲ, ಎದೆಗೂಡಿನೊಳಗೆ ಸೋರಬಹುದು. ಆಗ ನಿಮಗೆ ಕಾಣುವುದು ಮೂಲೆ ಹಿಡಿದು ಮಲಗಿದ, ಏದುಸಿರು ಬಿಡುವ ಬೆಕ್ಕು ಮಾತ್ರ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ಒಂದು ಗಂಟೆಯೂ ಕಾಯಬೇಡಿ. ಕಪ್ಪು ಮಲ, ಕುಂಟುವುದು, ಮೂಗಿನಲ್ಲಿ ರಕ್ತ, ಇವೂ ಅಷ್ಟೇ ತುರ್ತಿನವು.

ಗುರುತು ಕಾಣುವ ಮುಂಚೆಯೇ ತಿಳಿಯುವ ದಾರಿಯಿದೆ. ತಿಂದ 48ರಿಂದ 72 ಗಂಟೆಗಳ ನಡುವೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುತ್ತಾರೆ. ಪ್ರಯೋಗಾಲಯದವರು ಅದನ್ನು ಪಿ.ಟಿ. ಎನ್ನುತ್ತಾರೆ. ನೀವೀಗ ಸರಿಯಾಗಿ ಆ ಹೊತ್ತಿನಲ್ಲಿದ್ದೀರಿ, ಮೇಲೆ ಅವಸರ ಮಾಡಿದ್ದು ಅದಕ್ಕೇ. ಸಮಯ ಹೆಚ್ಚಾಗಿದ್ದರೆ ಕೆ1 ಜೀವಸತ್ವ ಕೊಡುತ್ತಾರೆ. ಅದೇ ಈ ವಿಷಕ್ಕೆ ಮದ್ದು. ಊಟದ ಜೊತೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಮೂರು ದಿನ ಕೊಟ್ಟು, ಬೆಕ್ಕು ಚುರುಕಾಯಿತೆಂದು ನಿಲ್ಲಿಸಬೇಡಿ. ಯಕೃತ್ತಿನ ವಿಷ ಕರಗುವವರೆಗೆ, ಬಹಳ ಸಲ ನಾಲ್ಕು ವಾರ, ಮುಂದುವರಿಸಬೇಕಾಗುತ್ತದೆ. ಕೊನೆಯ ಮಾತ್ರೆ ಕೊಟ್ಟ 48 ಗಂಟೆಗಳ ಮೇಲೆ ಇನ್ನೊಮ್ಮೆ ಪಿ.ಟಿ. ಮಾಡಿಸಿಯೇ ನಿಲ್ಲಿಸಬೇಕು. ಔಷಧಿ ಅಂಗಡಿಯಲ್ಲಿ ‘ವಿಟಮಿನ್ ಕೆ’ ಎಂದಷ್ಟೇ ಕೇಳಿದರೆ ಕೆ3 ಕೊಟ್ಟಾರು, ಅದು ಇಲ್ಲಿ ಕೆಲಸ ಮಾಡುವುದಿಲ್ಲ.

ಇನ್ನು ಗೂಬೆ. ನೀವು ಹೇಳುವ ಬಿಳಿ ಮುಖದ್ದು ಕಣಜ ಗೂಬೆ ಇರಬೇಕು. ಅರ್ಧ ಕಿಲೋ ಕೂಡ ತೂಗದ ಹಕ್ಕಿ, ಅದರ ಊಟದ ಬಹುಪಾಲು ಇಲಿಗಳೇ, ಇಡಿಯಾಗಿ ನುಂಗುತ್ತದೆ. ಒಂದು ತೋಟದಲ್ಲಿ ಬಿಲ್ಲೆ ಇಟ್ಟಿದ್ದರೆ ಅದರ ರಾತ್ರಿಯೂಟದಲ್ಲಿ ಎಷ್ಟು ಇಲಿ ಮಂಕು ಹಿಡಿದವು ಎಂದು ಊಹಿಸಿ. ನಿಮ್ಮ ತೋಟದ ಗೂಬೆ ಇದರಿಂದಲೇ ಸತ್ತಿತು ಎಂದು ದೇಹ ಪರೀಕ್ಷಿಸದೆ ಹೇಳಲಾಗದು. ಆದರೆ ಕಣ್ಣಿಗೆ ಕಂಡ ಕಾರಣವನ್ನೇ ನಂಬಬಾರದು ಎನ್ನಲು ನ್ಯೂಯಾರ್ಕಿನ ಫ್ಲಾಕೊ ಎಂಬ ಗೂಬೆಯ ಕತೆ ಸಾಕು. 2023ರ ಫೆಬ್ರವರಿ 2ರಂದು ಯಾರೋ ಜಾಲರಿ ಕತ್ತರಿಸಿದ್ದರಿಂದ ಸೆಂಟ್ರಲ್ ಪಾರ್ಕ್ ಮೃಗಾಲಯದಿಂದ ಅದು ಹಾರಿಹೋಯಿತು. ನಗರದ ಇಲಿ, ಪಾರಿವಾಳ ತಿಂದುಕೊಂಡು ಒಂದು ವರ್ಷ ಬದುಕಿತು. 2024ರ ಫೆಬ್ರವರಿ 23ರಂದು ಕಟ್ಟಡಕ್ಕೆ ಬಡಿದು ಸತ್ತಿತು ಎಂದೇ ಎಲ್ಲರೂ ತಿಳಿದರು. ಮರಣೋತ್ತರ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ನಾಲ್ಕು ಬಗೆಯ ಇಲಿ ವಿಷ ಅದರ ದೇಹದಲ್ಲಿ ಸಿಕ್ಕವು, ಜೊತೆಗೆ ಪಾರಿವಾಳದಿಂದ ತಗುಲಿದ ಹರ್ಪಿಸ್ ವೈರಸ್ ಸೋಂಕೂ ಇತ್ತು. ಬಡಿದದ್ದು ನಿಜ, ಆದರೆ ಅದು ಮೊದಲೇ ಜರ್ಜರಿತವಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 2021ರಿಂದ ಎರಡನೇ ಪೀಳಿಗೆಯ ಇಂಥ ವಿಷಗಳ ಬಳಕೆಗೆ ಕಾನೂನಿನ ಕಡಿವಾಣ ಹಾಕಿರುವುದು ಇಂಥ ಬೇಟೆಪ್ರಾಣಿಗಳನ್ನು ನೋಡಿಯೇ.

ಕೊನೆಯ ಪ್ರಶ್ನೆ, ಬಿಲ್ಲೆ ಇಡದೆ ಏನು ಮಾಡುವುದು? ಅಟ್ಟಕ್ಕೆ ಇಲಿ ಹತ್ತುವ ದಾರಿ ಹುಡುಕುವುದರಿಂದ ಶುರುಮಾಡಿ. ಕಿರುಬೆರಳು ತೂರುವಷ್ಟು ಸಂದಿಯಲ್ಲಿ ಮರಿ ಇಲಿ ನುಗ್ಗುತ್ತದೆ. ಸಂದಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತುರುಕಿ, ಮೇಲೆ ಸಿಮೆಂಟ್ ಬಳಿಯಿರಿ. ಬರೀ ಮಣ್ಣು, ಬಟ್ಟೆ ಮೆತ್ತಿದರೆ ಒಂದೇ ರಾತ್ರಿಯಲ್ಲಿ ಕೊರೆದು ಹಾಕುತ್ತದೆ. ಗಾಳಿಗೆಂದು ಬಿಟ್ಟ ಕಿಂಡಿಗಳನ್ನು ಮುಚ್ಚಬೇಡಿ, ಕೊಬ್ಬರಿಗೆ ಗಾಳಿ ಬೇಕು. ಅವಕ್ಕೆ ಕಾಲಿಂಚಿನ ಕಬ್ಬಿಣದ ಜಾಲರಿ ಹೊಡೆಸಿ. ಸೂರಿಗೆ ತಾಗುವ ಗರಿಗಳನ್ನು ಒಂದು ಮೀಟರಿನಷ್ಟು ದೂರಕ್ಕೆ ಕಡಿಯಿರಿ. ತೋಟದ ಮರಗಳಿಗೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ ಸುತ್ತಿದರೆ ಇಲಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ಪಕ್ಕದ ಮರಗಳ ಗರಿ ಒಂದಕ್ಕೊಂದು ತಾಗುತ್ತಿದ್ದರೆ ಮಾತ್ರ ಈ ಉಪಾಯ ದಂಡ, ಮೇಲಿಂದಲೇ ದಾಟಿಬಿಡುತ್ತದೆ.

ಒಳಗೆ ಉಳಿದವಕ್ಕೆ ಬೋನು. ಒಂದೇ ಬೋನು ತಂದಿಟ್ಟು ‘ನಮ್ಮನೆ ಇಲಿ ಬಲು ಬುದ್ಧಿವಂತ’ ಎನ್ನುವವರು ಬಹಳ. ಇಲಿಗೆ ಹೊಸ ವಸ್ತುವೆಂದರೆ ಅನುಮಾನ, ಅಷ್ಟೇ. ಪಟ್ಟನೆ ಹೊಡೆಯುವ ಸ್ಪ್ರಿಂಗ್ ಬೋನು ಹತ್ತಾದರೂ ತನ್ನಿ. ಮೂರ್ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ ತಿಂಡಿ ಮಾತ್ರ ಇಡಿ, ತಿಂದು ಹೋಗಲಿ. ಧೈರ್ಯ ಬಂದ ಮೇಲೆ ಒಂದೇ ರಾತ್ರಿ ಎಲ್ಲವನ್ನೂ ಹೂಡಿ. ಇಲಿ ಗೋಡೆಗೆ ಮೈ ತಾಗಿಸಿಕೊಂಡೇ ಓಡಾಡುತ್ತದೆ, ಆದ್ದರಿಂದ ಬೋನಿನ ತಿಂಡಿಯಿರುವ ತುದಿ ಗೋಡೆ ಕಡೆಗಿರಲಿ. ನಿಮ್ಮ ಅಟ್ಟದಲ್ಲಿ ಕೊಬ್ಬರಿ ಚೂರು ಇಡಬೇಡಿ, ಸುತ್ತ ರಾಶಿ ಕಾಯಿ ಇರುವಾಗ ಅದಕ್ಕೆ ಯಾವ ಇಲಿ ಬಂದೀತು? ಒಣಮೀನು ಅಥವಾ ಹುರಿದ ಕಡಲೆಬೀಜ ಇಟ್ಟು ನೋಡಿ. ಬೆಕ್ಕಿನ ಕಾಲು ಸಿಕ್ಕದಂತೆ ಎರಡೂ ಕಡೆ ಇಲಿ ತೂರುವಷ್ಟೇ ತೂತಿರುವ ಮರದ ಪೆಟ್ಟಿಗೆಯನ್ನು ಬೋನಿನ ಮೇಲೆ ಕವುಚಿ. ಅಂಟಿನ ಹಲಗೆ ಮಾತ್ರ ಬೇಡ. ಇಲಿ ಅದರಲ್ಲಿ ದಿನಗಟ್ಟಲೆ ನರಳುತ್ತದೆ, ಜೊತೆಗೆ ಹಲ್ಲಿ, ಓತಿಕ್ಯಾತ, ಗುಬ್ಬಚ್ಚಿಯೂ ಅಂಟಿಕೊಳ್ಳುತ್ತವೆ.

ಗೂಬೆಗೆ ಗೂಡುಪೆಟ್ಟಿಗೆ ಕಟ್ಟುವ ಯೋಚನೆ ನಿಮಗೆ ಬಂದರೆ ಒಳ್ಳೆಯದೇ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಹಿಡಿಯಲೆಂದೇ ಕಣಜ ಗೂಬೆಗಳಿಗೆ ಪೆಟ್ಟಿಗೆ ಇಡುತ್ತಾರೆ. ಆದರೆ ಬಿಲ್ಲೆ ನಿಲ್ಲಿಸಿ ಕೆಲವು ತಿಂಗಳು ಕಳೆದ ಮೇಲೆ ಕಟ್ಟಿ, ವಿಷದೂಟಕ್ಕೆ ಹಕ್ಕಿಯನ್ನು ಕರೆದಂತಾಗಬಾರದು.

ಅಟ್ಟದಲ್ಲಿ ಉಳಿದ ಬಿಲ್ಲೆಗಳನ್ನು ಇಂದೇ ಎಣಿಸಿ ತೆಗೆಯಿರಿ. ತಿಪ್ಪೆಗೆ ಎಸೆಯಬೇಡಿ, ಕೋಳಿ, ಕಾಗೆ ಕೆದಕುತ್ತವೆ. ಡಬ್ಬಿಗೆ ಹಾಕಿ, ಮೇಲೆ ‘ಇಲಿ ಪಾಷಾಣ’ ಎಂದು ಬರೆದು, ಮಕ್ಕಳಿಗೆ ಸಿಗದಂತೆ ಬೀಗದೊಳಗಿಡಿ. ಇನ್ನೂ ಒಂದು ವಾರ ಸತ್ತ ಇಲಿ ಸಿಗುತ್ತಲೇ ಇರುತ್ತವೆ. ಬೆಳಗ್ಗೆ ಎದ್ದವರು ಬೆಕ್ಕನ್ನು ಹೊರಗೆ ಬಿಡುವ ಮುಂಚೆ ಅಟ್ಟ, ಹಿತ್ತಲು ಒಮ್ಮೆ ಸುತ್ತಿ, ಸಿಕ್ಕವನ್ನು ಪ್ಲಾಸ್ಟಿಕ್ ಚೀಲದ ಕೈಗವಸಿನಲ್ಲಿ ಎತ್ತಿ, ನಾಯಿ ಕೆದರದಷ್ಟು ಆಳಕ್ಕೆ, ಎರಡಡಿಯಾದರೂ ತೋಡಿ ಹೂಳಿ.