‘ನೀರು ಉಳಿಸುವುದು’ ಅಂತ ಬರೆದರೆ ಉದ್ದೇಶ ಆಗುತ್ತಾ?

ಪ್ರಾಜೆಕ್ಟ್ ಪ್ರಪೋಸಲ್‌ಗಳಲ್ಲಿ ಮತ್ತೆ ಮತ್ತೆ ಕಾಣೋ ಸಾಲು ಇದು: “ರೈತರಿಗಾಗಿ ಕಡಿಮೆ ಬೆಲೆಯ ಸ್ಮಾರ್ಟ್ ನೀರಾವರಿ ವ್ಯವಸ್ಥೆ ರೂಪಿಸಿ ನೀರು ಉಳಿಸುವುದು.” ಓದೋಕೆ ಚೆನ್ನಾಗಿದೆ. ಆದರೆ ಕೊನೆಯ ದಿನ ಇದು ಆಯ್ತೋ ಇಲ್ವೋ ಅಂತ ಹೇಗೆ ಹೇಳೋದು? ಯಾವುದಕ್ಕೆ ಹೋಲಿಸಿದರೆ ಉಳಿತಾಯ? ಎಷ್ಟು ಉಳಿದರೆ ಸಾಕು? ಸಾಲಿನಲ್ಲಿ ಉತ್ತರ ಇಲ್ಲ.

ಇದನ್ನೇ ಬಿಡಿಸಿ ಬರೆಯೋಣ. ನೀರು ಉಳಿಯಬೇಕಾದರೆ ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚಬೇಕು. ಅದಕ್ಕೆ ಸೆನ್ಸರ್ ಹೇಳೋ ತೇವಾಂಶ ನಿಜ ಇರಬೇಕು. ಹಾಗಾಗಿ ಮೊದಲ ಉದ್ದೇಶ ಸೆನ್ಸರ್‌ದೇ:

“ಜಮೀನಿನ ಮಣ್ಣಿನಲ್ಲಿ ಕೆಪ್ಯಾಸಿಟಿವ್ ಸೆನ್ಸರ್‌ನ ರೀಡಿಂಗನ್ನು ಓವನ್‌ನಲ್ಲಿ ಒಣಗಿಸಿ ತೂಗಿದ ತೇವಾಂಶದ ಜೊತೆ ಹೋಲಿಸಿ, ವ್ಯತ್ಯಾಸ ±3 ಶೇಕಡಾಂಶದೊಳಗೆ ಬರುವಂತೆ ಕ್ಯಾಲಿಬ್ರೇಟ್ ಮಾಡುವುದು.”

ಓವನ್ ವಿಧಾನ ಸುಲಭ. 120 ಗ್ರಾಂ ಹಸಿಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟ ಮೇಲೆ 100 ಗ್ರಾಂ ಉಳಿದರೆ ತೇವಾಂಶ 20%. ಇನ್ನು 3 ಯಾಕೆ? ಉದಾಹರಣೆಗೆ ನೀರು ಬಿಡೋ ಮಟ್ಟ 14%, ನಿಲ್ಲಿಸೋ ಮಟ್ಟ 22% ಅಂದುಕೊಳ್ಳಿ. ನಡುವಿನ ಅಂತರವೇ 8. ಸೆನ್ಸರ್ 8ರಷ್ಟು ತಪ್ಪಿದರೆ ಅದು ಹೇಳಿದ್ದಕ್ಕೆ ಅರ್ಥವೇ ಇರಲ್ಲ. ಅಂದರೆ ಆ ಅಂಕಿ ಮುಂದಿನ ಕೆಲಸದಿಂದ ಬರಬೇಕು, ಚೆಂದ ಕಾಣುತ್ತೆ ಅಂತ ಹಾಕೋದಲ್ಲ. ಎರೆಮಣ್ಣಾದರೆ ಇನ್ನೂ ಹುಷಾರಾಗಿರಬೇಕು: ಒಣಗಿದಾಗ ಬಿರುಕು ಬಿಟ್ಟು ಸೆನ್ಸರ್ ಪಕ್ಕ ಗಾಳಿ ಸೇರುತ್ತೆ, ಆಗ ಮಣ್ಣು ಇರೋದಕ್ಕಿಂತ ಒಣಗಿದ ಹಾಗೆ ತೋರಿಸುತ್ತೆ.

ಎರಡನೆಯದು ಇದರ ಮೇಲೆ ನಿಲ್ಲುತ್ತೆ: “ಆ ರೀಡಿಂಗ್ ಆಧಾರದಲ್ಲಿ ಡ್ರಿಪ್ ವಾಲ್ವ್ ನಡೆಸಿ, ಬೇರಿನ ಆಳದ ತೇವಾಂಶವನ್ನು 4 ವಾರ 14ರಿಂದ 22%ರೊಳಗೆ ಇಡುವುದು.” ಮೂರನೆಯದು: “ಅದೇ 4 ವಾರ, ಅದೇ ಬೆಳೆಯ, ಅಷ್ಟೇ ಅಳತೆಯ ಟೈಮರ್ ತಾಕಿನ ಜೊತೆ ನೀರಿನ ಬಳಕೆಯನ್ನು ಮೀಟರ್‌ನಿಂದ ಲೀಟರ್‌ನಲ್ಲಿ ಅಳೆದು ಹೋಲಿಸುವುದು.”

ಕ್ರಮ ಬದಲಾಯಿಸಿ ನೋಡಿ, ಸಮಸ್ಯೆ ಗೊತ್ತಾಗುತ್ತೆ. ಎರಡನೆಯದು ಇಲ್ಲದೆ ಮೂರನೆಯದನ್ನು ಅಳೆದರೆ ಗಿಡ ಬಾಡಿಸಿಯೂ ‘ಉಳಿತಾಯ’ ತೋರಿಸಬಹುದು! ಮೊದಲನೆಯದು ಕೈಕೊಟ್ಟರೆ ಉಳಿದೆರಡನ್ನು ಶುರುಮಾಡೋದೇ ವೇಸ್ಟ್. ಅದು ಎರಡನೇ ತಿಂಗಳಲ್ಲೇ ಗೊತ್ತಾದರೆ ಸೆನ್ಸರ್ ಬದಲಾಯಿಸೋಕೆ ಟೈಮ್ ಇರುತ್ತೆ.

ಮೂರನೆಯದರಲ್ಲಿ “30% ನೀರು ಉಳಿಸುವುದು” ಅಂತ ಬರೆದಿಲ್ಲ, ಗಮನಿಸಿ. ಅದು ಫಲಿತಾಂಶ, ಇನ್ನೂ ಯಾರಿಗೂ ಗೊತ್ತಿಲ್ಲ. ಅಂದಾಜಿದ್ದರೆ ‘ನಿರೀಕ್ಷಿತ ಫಲಿತಾಂಶ’ದಲ್ಲಿ ಹಾಕಿ. ಅಳೆದು ಹೋಲಿಸೋದು ನಮ್ಮ ಕೈಯಲ್ಲಿದೆ. ವ್ಯತ್ಯಾಸ ಸೊನ್ನೆ ಬಂದರೂ ಉದ್ದೇಶ ಪೂರೈಸಿದ ಹಾಗೆಯೇ. “ಸೆನ್ಸರ್ ಖರೀದಿಸುವುದು” ಅನ್ನೋದೂ ಉದ್ದೇಶ ಅಲ್ಲ, ಅದು ಕೆಲಸದ ಪಟ್ಟಿಗೆ ಹೋಗಲಿ.

ಇನ್ನು ಆ ‘ಕಡಿಮೆ ಬೆಲೆ’. ಒಂದು ತಾಕಿಗೆ ಎಷ್ಟು ರೂಪಾಯಿ ಮೀರಬಾರದು ಅಂತ ಬರೆಯೋದಾದರೆ ಇರಲಿ, ಇಲ್ಲದಿದ್ದರೆ ಆ ಪದ ತೆಗೆದುಬಿಡಿ.