ಮುಂದಿನ ಶನಿವಾರ ಎಂದರೆ ಯಾವ ಶನಿವಾರ?

2025ರ ನವೆಂಬರ್ 6, ಗುರುವಾರ. ಐದನೇ ತರಗತಿಯ ಮಕ್ಕಳ ಕೈಯಲ್ಲಿ ನಾನು ಮನೆಗೆ ಕಳಿಸಿದ ಚೀಟಿಯಲ್ಲಿ ನಾಲ್ಕೇ ಸಾಲು: “ಮುಂದಿನ ಶನಿವಾರ ರಾಜ್ಯೋತ್ಸವ ಕಾರ್ಯಕ್ರಮ. 8.30ಕ್ಕೆ ಹಾಜರಿರಬೇಕು. ಹಳದಿ-ಕೆಂಪು ಬಟ್ಟೆ ಕಡ್ಡಾಯ. ಅಗತ್ಯ ವಸ್ತುಗಳನ್ನು ತರತಕ್ಕದ್ದು.”

ಬರೆದವಳ ತಲೆಯಲ್ಲಿದ್ದದ್ದು 15ನೇ ತಾರೀಖು. ಓದಿದವರಲ್ಲಿ ಅರ್ಧ ಮಂದಿಗೆ ಅದು 8. ಅವತ್ತು ಕನಕದಾಸ ಜಯಂತಿ, ಶಾಲೆಯಲ್ಲಿ ಭಾವಚಿತ್ರಕ್ಕೆ ಪೂಜೆ ಹೇಗೂ ಇತ್ತು. ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹನ್ನೊಂದು ಮಕ್ಕಳು ಹೊಸ ಬಟ್ಟೆಯಲ್ಲಿ ಮಿಂಚುತ್ತಾ ಬಂದು, ಸಿಹಿ ತಿಂದು, ವೇದಿಕೆ ಎಲ್ಲಿ ಎಂದು ಹುಡುಕಿದರು. ಒಬ್ಬ ಹುಡುಗ ಹಳದಿ ಅಂಗಿಗೆ ಕೆಂಪು ಪ್ಯಾಂಟು ತೊಟ್ಟಿದ್ದ. ಗಾರೆ ಕೆಲಸದ ಅವನ ಅಪ್ಪ ಸಂತೆಯಲ್ಲಿ ಅಲೆದು ತಂದದ್ದಂತೆ. ಇನ್ನೊಬ್ಬಳು “ಅಗತ್ಯ ವಸ್ತು” ಎಂದು ಜಾಮಿಟ್ರಿ ಬಾಕ್ಸ್ ತಂದಿದ್ದಳು.

ಸೋಮವಾರ ಹೊಸ ಚೀಟಿ ಬರೆದೆ. ಅಚ್ಚಿಗೆ ಕೊಡುವ ಮುಂಚೆ ಬಿಸಿಯೂಟದ ಅಡುಗೆ ಅಕ್ಕನಿಗೆ ಓದಿ ಹೇಳಿದ್ದು ಒಳ್ಳೆಯದಾಯಿತು. “ಅವತ್ತು ಊಟ ಶಾಲೇಲೋ ಮನೇಲೋ, ಅದನ್ನೇ ಬರೆದಿಲ್ವಲ್ಲ ಟೀಚರ್?” ಎಂದರು ಅವರು. ಮಕ್ಕಳನ್ನು ಯಾವಾಗ ಕರೆದೊಯ್ಯಬೇಕು ಎಂಬುದೂ ಬಿಟ್ಟುಹೋಗಿತ್ತು. ಎರಡನ್ನೂ ಸೇರಿಸಿದ ಮೇಲೆ ಚೀಟಿ ಹೀಗಾಯಿತು:

“ನವೆಂಬರ್ 15, ಶನಿವಾರ. ಮಕ್ಕಳು ಬೆಳಿಗ್ಗೆ 8.30ಕ್ಕೆ ಶಾಲೆಯಲ್ಲಿರಬೇಕು. ಪೋಷಕರು 10.30ಕ್ಕೆ ಬಂದರೆ ಸಾಕು. ಮಕ್ಕಳೆಲ್ಲ ಸಮವಸ್ತ್ರದಲ್ಲಿ ಬರಲಿ. ಹಳದಿ-ಕೆಂಪು ಶಾಲು ಶಾಲೆಯೇ ಕೊಡುತ್ತದೆ, ಕೊಳ್ಳಬೇಡಿ. ಕೋಲಾಟದ 12 ಮಕ್ಕಳು ಮಾತ್ರ ಬಿಳಿ ಪಂಚೆಯನ್ನು ಚೀಲದಲ್ಲಿ ತರಬೇಕು, ಶಾಲೆಯಲ್ಲೇ ಉಡಿಸುತ್ತೇವೆ. ನೀರಿನ ಬಾಟಲಿ ತನ್ನಿ, ಮೇಲೆ ಹೆಸರಿರಲಿ. ಒಡವೆ, ದುಡ್ಡು ಬೇಡ. ಊಟ ಶಾಲೆಯಲ್ಲಿ. 1.30ಕ್ಕೆ ಮಕ್ಕಳನ್ನು ಕರೆದೊಯ್ಯಿರಿ.”

ತಾರೀಖಿನ ಪಕ್ಕ ವಾರ ಬರೆಯುವುದು ಅಲಂಕಾರವಲ್ಲ. ಒಂದರಲ್ಲಿ ಕೈತಪ್ಪಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಎರಡೂ ತಾಳೆಯಾಗದಿದ್ದರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ; “ಮುಂದಿನ ಶನಿವಾರ” ಎಂದಾಗ ಯಾರೂ ಕೇಳಲಿಲ್ಲ, ಪ್ರತಿಯೊಬ್ಬರಿಗೂ ಅರ್ಥವಾಗಿತ್ತು! ಸಮಯವೂ ಅಷ್ಟೇ. ಒಂದೇ ಗಂಟೆ ಬರೆದರೆ ಮಗುವಿನ ಜೊತೆ ಅಮ್ಮನೂ 8.30ಕ್ಕೇ ಬಂದು, ಎರಡು ಗಂಟೆ ಬಿಸಿಲಲ್ಲಿ ಕೂತು, ದಿನದ ಕೂಲಿ ಕಳೆದುಕೊಳ್ಳುತ್ತಾಳೆ.

ಚೀಟಿಯ ತುದಿಯಲ್ಲಿ ಸಹಿ ಹಾಕಿ ಹರಿದು ಕಳಿಸುವ ತುಂಡೊಂದನ್ನು ಇಟ್ಟಿದ್ದೆ. 34ರಲ್ಲಿ 31 ವಾಪಸಾದವು. ಉಳಿದ ಮೂರು ಮನೆಗೆ ಫೋನ್ ಮಾಡಿದೆ. ಇಬ್ಬರಿಗೆ ಓದಲು ಬರುತ್ತಿರಲಿಲ್ಲ, ಒಬ್ಬನ ಚೀಟಿ ಇನ್ನೂ ಚೀಲದಲ್ಲೇ ಇತ್ತು. ಬಂದ ಒಂದು ತುಂಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿತ್ತು: “ಪಂಚೆ ಇಲ್ಲ. ತಾತನ ಬಿಳಿ ಟವೆಲ್ ಆಗುತ್ತಾ ಮೇಡಂ?”

ಆಯಿತು.